ರಿಜಿಸ್ಟ್ರೇಷನ್ ಆದಮೇಲಿನ ಧನ್ಯವಾದ ಪತ್ರ: ಕೇಳುವ ಮಾತನ್ನು ಎಲ್ಲಿಡಬೇಕು?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಎರಡು ವರ್ಷದಿಂದ ಸೈಟು, ಮನೆ ವ್ಯವಹಾರ ಮಾಡಿಸುತ್ತಿದ್ದೇನೆ. ಕಳೆದ ವಾರ ಇಲ್ಲಿನ ವಿಜಯಪುರ ಬಡಾವಣೆಯ ಒಂದು ಮನೆ ರಿಜಿಸ್ಟರ್ ಆಯಿತು. ಮಾರಿದವರು ನಿವೃತ್ತ ಮೇಷ್ಟ್ರು ಮತ್ತು ಅವರ ಮನೆಯವರು, ಮೈಸೂರಿಗೆ ಮಗಳ ಹತ್ತಿರ ಹೋಗುತ್ತಿದ್ದಾರೆ. ಆಸ್ತಿಯ ಋಣಭಾರ ತೋರಿಸುವ ಇ.ಸಿ.ಯಲ್ಲಿ ಎಂದೋ ತೀರಿಸಿದ ಬ್ಯಾಂಕ್ ಸಾಲ ಇನ್ನೂ ಕಾಣಿಸುತ್ತಿತ್ತು. ಮೇಷ್ಟ್ರೇ ಹಳೇ ಫೈಲಿನಿಂದ ಬ್ಯಾಂಕಿನ ತೀರುವಳಿ ಪತ್ರ ಹುಡುಕಿಕೊಟ್ಟರು. ಅಮ್ಮ ಒಂದೊಂದು ಬೀಗದ ಕೈಗೂ ಚೀಟಿ ಕಟ್ಟಿ ಕೊಟ್ಟಿದ್ದರು. ಅಷ್ಟು ಒಳ್ಳೆಯವರು. ಅವರಿಗೊಂದು ಥ್ಯಾಂಕ್ಸ್ ಲೆಟರ್ ಬರೆಯಬೇಕು. ಅವರ ಪರಿಚಯದಲ್ಲಿ ಮನೆ ಮಾರುವವರು ಇನ್ನೂ ಒಂದಿಬ್ಬರಿದ್ದಾರೆ ಅಂತ ಕೇಳಿದ್ದೇನೆ. ಅದೇ ಲೆಟರಿನಲ್ಲಿ ಕೇಳಿದರೆ ಆಸೆಬುರುಕ ಅಂದುಕೊಳ್ಳುತ್ತಾರಾ? ಹೇಗೆ ಬರೆಯಲಿ?

ಉತ್ತರ: ಕೇಳಬಹುದು, ಆದರೆ ಈ ವಾರವೇ ಬೇಡ.

ರಿಜಿಸ್ಟ್ರೇಷನ್ ಆದ ದಿನಕ್ಕೆ ಏಜೆಂಟನ ಕೆಲಸ ಮುಗಿಯುತ್ತದೆ, ಮಾರಿದವರದ್ದು ಮುಗಿಯುವುದಿಲ್ಲ. ನಗರಸಭೆಯಲ್ಲಿ ಖಾತೆ ಕೊಂಡವರ ಹೆಸರಿಗೆ ಆಗಬೇಕು. ಮೆಸ್ಕಾಂನಲ್ಲಿ ಆ ಮನೆಯ ಆರ್‌ಆರ್ ನಂಬರಿಗೆ ಹೆಸರು ಬದಲಾಗಬೇಕು, ಅದಕ್ಕೆ ಮೇಷ್ಟ್ರ ಒಪ್ಪಿಗೆ ಪತ್ರವೂ ಬೇಕಾಗಬಹುದು. ನಲ್ಲಿ ಸಂಪರ್ಕದ ಹೆಸರೂ ಹಾಗೆಯೇ. ಇವೆಲ್ಲ ಕೊಂಡವರು ಮಾಡಿಸಿಕೊಳ್ಳಬೇಕಾದ ಕೆಲಸಗಳು, ನಿಜ. ಆದರೆ ಅವರು ಸುಮ್ಮನಿದ್ದುಬಿಟ್ಟರೆ ಬಿಲ್ಲು, ಬಾಕಿಯ ನೋಟಿಸು ಎರಡೂ ಮೇಷ್ಟ್ರ ಹೆಸರಿಗೇ ಬರುತ್ತವೆ. ಇಂದು ನೀವು ಒಂದು ಸೊಗಸಾದ ಪತ್ರ ಕಳಿಸಿ, ಮೂರು ತಿಂಗಳ ನಂತರ ಬಿಟ್ಟುಬಂದ ಮನೆಯ ಕರೆಂಟ್ ಬಾಕಿ ವಿಚಾರಕ್ಕೆ ಮೈಸೂರಿಗೆ ಫೋನ್ ಹೋದರೆ, ಮೇಷ್ಟ್ರಿಗೆ ನೆನಪಾಗುವುದು ಆ ಫೋನು. ಆಮೇಲೆ ಅವರು ಯಾರಿಗೂ ನಿಮ್ಮ ಹೆಸರು ಹೇಳುವುದಿಲ್ಲ.

ಆದ್ದರಿಂದ ಧನ್ಯವಾದವನ್ನು ಎರಡು ಸಲ ಹೇಳಿ. ಮೊದಲನೆಯದು ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಬಂದ ಸಂಜೆಯೇ ಹೋಗಬೇಕಿತ್ತು. ಹೋಗಿಲ್ಲವಾದರೆ ಇವತ್ತೇ ಒಂದು ಫೋನ್ ಮಾಡಿ. "ಮೇಷ್ಟ್ರೇ, ಎಲ್ಲ ಸುಸೂತ್ರವಾಗಿ ಆಯಿತು. ಖಾತೆ, ಮೀಟರ್ ಬದಲಾಗುವವರೆಗೂ ನಾನು ಬೆನ್ನು ಹತ್ತಿರುತ್ತೇನೆ, ಆದ ಮೇಲೆ ಕಾಗದ ಕಳಿಸುತ್ತೇನೆ" ಎಂದರೆ ಸಾಕು. ಈ ಫೋನಿನಲ್ಲಿ ಬೇರೆಯವರ ಮನೆಯ ಮಾತೇ ಬರಬಾರದು. ಅವತ್ತು ಅವರ ತಲೆಯಲ್ಲಿ ಹಣ ಅಕೌಂಟಿಗೆ ಬಿತ್ತೇ ಎಂಬ ಚಿಂತೆ ಇರುತ್ತದೆ, ಇಷ್ಟು ವರ್ಷ ಬಾಳಿದ ಮನೆ ಬಿಟ್ಟ ಸಂಕಟವೂ ಇರುತ್ತದೆ. ನಿಮ್ಮ ಕಮಿಷನ್ ಕೈಗೆ ಬಂದಿರುವುದೂ ಸಾಮಾನ್ಯವಾಗಿ ಅದೇ ದಿನ. ಅದನ್ನು ಪಡೆದ ಬಾಯಿಯಲ್ಲೇ "ಇನ್ಯಾರಾದರೂ ಇದ್ದಾರಾ" ಎಂದರೆ, ನೀವು ಹೆದರುತ್ತಿರುವ ಆ ಆಸೆಬುರುಕತನ ಅಲ್ಲೇ ಕಾಣಿಸುತ್ತದೆ. ಕಮಿಷನ್ನಿನ ರಸೀದಿಯನ್ನೂ ಅದೇ ದಿನ ಪ್ರತ್ಯೇಕವಾಗಿ ಕೊಟ್ಟುಬಿಡಿ. ಧನ್ಯವಾದ ಪತ್ರದ ಲಕೋಟೆಯಲ್ಲಿ ರಸೀದಿ ಸೇರಿದರೆ ಪತ್ರವೂ ಲೆಕ್ಕದ ಕಾಗದದಂತೆ ಕಾಣುತ್ತದೆ.

ಎರಡನೆಯದೇ ನೀವು ಕೇಳುತ್ತಿರುವ ಪತ್ರ. ಖಾತೆಯೂ ಮೀಟರೂ ಬದಲಾದ ಎರಡು ಮೂರು ದಿನದೊಳಗೆ ಅದು ಹೊರಡಬೇಕು. ಆ ಹೊತ್ತಿಗೆ ಅವರಿಗೆ ತಿಳಿಸಬೇಕಾದ ಸುದ್ದಿ ನಿಮ್ಮ ಬಳಿ ಇರುತ್ತದೆ, ಜೊತೆಗಿಡಲು ಕಾಗದವೂ ಇರುತ್ತದೆ. ಬರೀ ಥ್ಯಾಂಕ್ಸ್ ಹೇಳುವ ಪತ್ರವನ್ನು ಜನ ಓದಿ ಬದಿಗಿಡುತ್ತಾರೆ. ಬೇಕಾದ ಕಾಗದದ ಜೊತೆ ಬಂದ ಪತ್ರ ಫೈಲಿಗೆ ಸೇರುತ್ತದೆ, ಫೈಲು ಬಿಚ್ಚಿದಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

ಜೊತೆಗೆ ಏನಿಡಬೇಕು? ಹೆಸರು ಬದಲಾದದ್ದಕ್ಕೆ ಮೆಸ್ಕಾಂ ಕೊಟ್ಟ ಕಾಗದದ ಅಥವಾ ಹೊಸ ಹೆಸರಿನ ಬಿಲ್ಲಿನ ನಕಲು, ಮತ್ತು ನೋಂದಣಿಯಾದ ಕ್ರಯಪತ್ರದ ಪೂರ್ತಿ ನಕಲು. ಎರಡನೆಯದು ಬಹಳ ಮುಖ್ಯ. ಮೂಲ ಪತ್ರ ಕೊಂಡವರ ಕೈಗೆ ಹೋಗುತ್ತದೆ, ಮಾರಿದವರು ನಕಲು ಇಟ್ಟುಕೊಳ್ಳಲು ಮರೆಯುತ್ತಾರೆ. ಮುಂದೆ ಆದಾಯ ತೆರಿಗೆ ರಿಟರ್ನ್ಸ್ ತುಂಬುವಾಗ, ಮನೆ ಮಾರಿದ ಲಾಭದ ಲೆಕ್ಕಕ್ಕೆ ಆಡಿಟರ್ ಮೊದಲು ಕೇಳುವುದು ಅದನ್ನೇ. ಮಾರಾಟದ ಮೊತ್ತ 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಕೊಂಡವರು 1% ಟಿಡಿಎಸ್ ಹಿಡಿದು ಕಟ್ಟಿರಬೇಕು. ಹಾಗಿದ್ದಲ್ಲಿ ಅದರ ಸರ್ಟಿಫಿಕೇಟನ್ನು ಅವರಿಂದ ತರಿಸಿ ಇದೇ ಲಕೋಟೆಗೆ ಹಾಕಿ. ತೆರಿಗೆ ಹೇಗೆ ಉಳಿಸಬೇಕೆಂಬ ಸಲಹೆಯನ್ನು ಮಾತ್ರ ಪತ್ರದಲ್ಲಿ ಬರೆಯಬೇಡಿ, ಅದು ಆಡಿಟರ್ ಕೆಲಸ.

ಕ್ರಯಪತ್ರದ ನಕಲನ್ನು ಕಾಗದದಲ್ಲೇ ಕಳಿಸಿ. ಅದರಲ್ಲಿ ಎರಡೂ ಕಡೆಯವರ ಫೋಟೊ, ಹೆಬ್ಬೆಟ್ಟಿನ ಗುರುತು, ಪ್ಯಾನ್ ನಂಬರ್, ಮನೆಯ ಬೆಲೆ ಎಲ್ಲವೂ ಇರುತ್ತವೆ. ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿದರೆ ಅದು ಮನೆಯವರ ಗ್ರೂಪಿಗೆ, ಅಲ್ಲಿಂದ ನೆಂಟರ ಗ್ರೂಪಿಗೆ ಹೋಗುತ್ತದೆ. ಮೇಷ್ಟ್ರು ಈಗ ಇರುವುದು ಮಗಳ ಮನೆಯಲ್ಲಿ, ಆ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ.

ಈಗ ಪತ್ರ. ಒಂದೇ ಹಾಳೆ, ಒಂದೇ ಮಗ್ಗುಲು, ನಿಮ್ಮ ಕೈಬರಹದಲ್ಲಿ. ಜೀವಮಾನವಿಡೀ ಮಕ್ಕಳ ಕೈಬರಹ ತಿದ್ದಿದವರಿಗೆ ಕಂಪ್ಯೂಟರಿನಲ್ಲಿ ಹೊಡೆದ, ಎಲ್ಲರಿಗೂ ಹೊಂದುವ ಪತ್ರ ಕಳಿಸಬೇಡಿ. ನೀವು ಹೇಳಿದ ವಿವರಗಳನ್ನೇ ಇಟ್ಟುಕೊಂಡು ಬರೆದರೆ ಹೀಗಾಗುತ್ತದೆ:

> ಪೂಜ್ಯ ಮೇಷ್ಟ್ರಿಗೂ ಅಮ್ಮನವರಿಗೂ ನಮಸ್ಕಾರಗಳು.
>
> ವಿಜಯಪುರದ ಮನೆಯ ಖಾತೆ ಕೊಂಡವರ ಹೆಸರಿಗೆ ಆಗಿದೆ. ಮೆಸ್ಕಾಂ ಮೀಟರ್, ನಲ್ಲಿ ಸಂಪರ್ಕ ಎರಡೂ ಅವರ ಹೆಸರಿಗೆ ಬದಲಾಗಿವೆ. ನಿಮ್ಮ ಫೈಲಿಗೆ ಬೇಕಾಗುತ್ತದೆ ಎಂದು ಕ್ರಯಪತ್ರದ ನಕಲನ್ನೂ ಮೀಟರ್ ಬದಲಾದ ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ.
>
> ಇ.ಸಿ.ಯಲ್ಲಿ ಹಳೆಯ ಸಾಲ ಕಾಣಿಸಿದಾಗ ಬ್ಯಾಂಕಿನ ತೀರುವಳಿ ಪತ್ರವನ್ನು ನೀವೇ ಹುಡುಕಿ ತೆಗೆದುಕೊಟ್ಟಿರಿ. ಅದು ಸಿಗದಿದ್ದರೆ ನಾವು ಇನ್ನೂ ಬ್ಯಾಂಕಿಗೆ ಅಲೆಯುತ್ತಿದ್ದೆವು. ಅಮ್ಮನವರು ಒಂದೊಂದು ಬೀಗದ ಕೈಗೂ ಚೀಟಿ ಕಟ್ಟಿ ಕೊಟ್ಟದ್ದರಿಂದ ಮನೆ ಒಪ್ಪಿಸುವ ದಿನ ಯಾರಿಗೂ ತೊಂದರೆಯಾಗಲಿಲ್ಲ. ನನ್ನನ್ನು ನಂಬಿ ಈ ಕೆಲಸ ವಹಿಸಿದ್ದಕ್ಕೆ ನಿಮ್ಮಿಬ್ಬರಿಗೂ ಕೃತಜ್ಞ.
>
> ನಿಮ್ಮ ಜೊತೆ ಕೆಲಸ ಮಾಡಿದವರಲ್ಲಿ ಯಾರಾದರೂ ಇಲ್ಲಿನ ಮನೆ ಮಾರಿ ಮಕ್ಕಳ ಊರಿಗೆ ಹೋಗುವ ಯೋಚನೆಯಲ್ಲಿದ್ದರೆ, ಕಾಗದಪತ್ರ ಸರಿಯಿದೆಯೇ ಎಂದು ಮೊದಲು ನೋಡಿಸಿಕೊಳ್ಳಲು ನನ್ನ ನಂಬರ್ ಕೊಡಬಹುದು. ಮಾರುವುದು ಬಿಡುವುದು ಆಮೇಲಿನ ಮಾತು.
>
> ಮೈಸೂರಿನಲ್ಲಿ ನಿಮಗೆ ಎಲ್ಲ ಅನುಕೂಲವಾಗಲಿ. ಈ ಮನೆಯ ವಿಚಾರವಾಗಿ ಯಾವ ಕಾಗದ ಬೇಕಾದರೂ ಒಂದು ಫೋನ್ ಮಾಡಿ.
>
> ಇಂತಿ ನಿಮ್ಮ ವಿಶ್ವಾಸಿ,
> (ಸಹಿ, ಹೆಸರು, ಫೋನ್ ನಂಬರ್)

ನಲ್ಲಿ ಸಂಪರ್ಕ ಇನ್ನೂ ಬದಲಾಗಿಲ್ಲದಿದ್ದರೆ ಆಗಿದೆ ಎಂದು ಬರೆಯಬೇಡಿ. ಬಾಕಿ ಇದೆ, ಆದಮೇಲೆ ತಿಳಿಸುತ್ತೇನೆ ಎಂದು ಬರೆಯಿರಿ. ಪತ್ರದ ಮೊದಲ ಭಾಗ ನಿಜವಾಗಿದ್ದರೆ ಮಾತ್ರ ಮುಂದಿನ ಭಾಗಕ್ಕೆ ಬೆಲೆ.

ತೀರುವಳಿ ಪತ್ರದ ಸಾಲನ್ನು ಬೇಕೆಂದೇ ಹಾಕಿದ್ದೇನೆ. "ನಿಮ್ಮ ಸಹಕಾರಕ್ಕೆ ಧನ್ಯವಾದಗಳು" ಎಂದರೆ ಅದು ಯಾರಿಗೆ ಬರೆದರೂ ನಡೆಯುವ ಮಾತು. ಸಾಲ ತೀರಿಸಿದರೂ ಆ ತೀರುವಳಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಾಗದಿದ್ದರೆ ಇ.ಸಿ.ಯಲ್ಲಿ ಅಡಮಾನ ಹಾಗೇ ಉಳಿದಿರುತ್ತದೆ. ಕೊಂಡವರ ಬ್ಯಾಂಕು ಅದನ್ನು ನೋಡಿದ ಕೂಡಲೇ ಅವರ ಗೃಹಸಾಲವನ್ನು ತಡೆಹಿಡಿಯುತ್ತದೆ. ಹಳೆಯ ಬ್ಯಾಂಕಿನ ಶಾಖೆ ಬೇರೊಂದರ ಜೊತೆ ಸೇರಿಹೋಗಿದ್ದರೆ ಪತ್ರದ ಇನ್ನೊಂದು ಪ್ರತಿ ತೆಗೆಸುವುದೇ ದೊಡ್ಡ ಕೆಲಸ. ಮೇಷ್ಟ್ರು ಅದನ್ನು ಜೋಪಾನ ಮಾಡಿದ್ದರು ಎಂಬುದನ್ನು ನೀವು ಗಮನಿಸಿದ್ದೀರಿ ಎಂದು ಅವರಿಗೆ ಗೊತ್ತಾದರೆ, ಅವರೇ ನಾಲ್ಕು ಜನರ ಮುಂದೆ ಆ ವಿಷಯ ಹೇಳುತ್ತಾರೆ. ಹೇಳುವಾಗ ನಿಮ್ಮ ಹೆಸರೂ ಬರುತ್ತದೆ. ಅದಕ್ಕೇ ಹೊಗಳಿಕೆಗಿಂತ ಒಂದು ನಡೆದ ಸಂಗತಿಯನ್ನು ಬರೆಯುವುದು ಮೇಲು. ಒಬ್ಬೊಬ್ಬರಿಗೂ ಒಂದು ಸಾಕು, ಮೂರು ನಾಲ್ಕು ಹಾಕಿದರೆ ವರದಿಯಂತಾಗುತ್ತದೆ.

ಅಮ್ಮನವರನ್ನು ಸೇರಿಸಿದ್ದೂ ಉಪಚಾರಕ್ಕಲ್ಲ. ಮನೆ ತೋರಿಸಲು ಜನ ಬಂದಾಗಲೆಲ್ಲ ಬಾಗಿಲು ತೆಗೆದು, ಅಡುಗೆಮನೆ ಬಚ್ಚಲು ತೋರಿಸಿ, ಕಾಫಿ ಕೊಟ್ಟವರು ಬಹುಮಟ್ಟಿಗೆ ಅವರೇ. ಪತ್ರ ಯಜಮಾನರ ಹೆಸರಿಗಷ್ಟೇ ಹೋಗುವುದು ನಮ್ಮ ಕಡೆಯ ಏಜೆಂಟರು ಮಾಡುವ ಸಾಮಾನ್ಯ ತಪ್ಪು. ಹಿರಿಯರ ಕಾಲದ ಆಸ್ತಿ, ತೋಟ ಮಾರಾಟವಾದಾಗ ಇದು ಇನ್ನೂ ಎದ್ದು ಕಾಣುತ್ತದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು, ಹಾಗಾಗಿ ಅಕ್ಕತಂಗಿಯರೂ ಬಂದು ಸಹಿ ಹಾಕುತ್ತಾರೆ. ಬೇರೆ ಬೇರೆ ಊರಿನಿಂದ ರಜೆ ಹಾಕಿ ಬಂದು ಸಹಿ ಹಾಕಿದವರಿಗೆ ಆಮೇಲೆ ಯಾರೂ ಒಂದು ಮಾತು ಹೇಳಿರುವುದಿಲ್ಲ. ಕ್ರಯಪತ್ರಕ್ಕೆ ಸಹಿ ಹಾಕಿದ ಪ್ರತಿಯೊಬ್ಬರಿಗೂ ಬೇರೆ ಪತ್ರ ಹೋಗಬೇಕು. ಕೇಳುವ ಸಾಲು ಎಲ್ಲರ ಪತ್ರದಲ್ಲೂ ಇರಬೇಕಿಲ್ಲ.

ಇನ್ನು ಆ ಸಾಲಿನ ವಿಚಾರ. "ನಿಮ್ಮ ಪರಿಚಯದವರು ಯಾರಾದರೂ ಮನೆ, ಸೈಟು ಕೊಳ್ಳುವವರು, ಮಾರುವವರು ಇದ್ದರೆ ದಯವಿಟ್ಟು ನನಗೆ ತಿಳಿಸಿ" ಎಂದು ಎಲ್ಲರೂ ಬರೆಯುತ್ತಾರೆ. ಅದನ್ನು ಓದಿದವರ ಕಣ್ಣಮುಂದೆ ಯಾರ ಮುಖವೂ ಬರುವುದಿಲ್ಲ. "ಆಯಿತು, ಹೇಳೋಣ" ಎಂದು ಮರೆಯುತ್ತಾರೆ. ಮೇಲಿನ ಪತ್ರದಲ್ಲಿ ಯಾರು ಎಂಬುದು ಇದೆ: ಜೊತೆಯಲ್ಲಿ ಕೆಲಸ ಮಾಡಿದವರು. ಯಾವ ಸಂದರ್ಭ ಎಂಬುದಿದೆ: ಇಲ್ಲಿನ ಮನೆ ಮಾರಿ ಮಕ್ಕಳ ಊರಿಗೆ ಹೋಗುವುದು. ಮೇಷ್ಟ್ರು ಈಗಷ್ಟೇ ಅದೇ ದಾರಿ ಹಿಡಿದವರು. ಹಾಗಾಗಿ ಓದುತ್ತಿದ್ದಂತೆ ಆ ಒಂದಿಬ್ಬರು ಅವರಿಗೆ ತಾವಾಗಿಯೇ ನೆನಪಾಗುತ್ತಾರೆ.

ಮೂರನೆಯದಾಗಿ, ಅವರು ಸ್ನೇಹಿತರಿಗೆ ಹೇಳಬೇಕಾದ ಮಾತು ಹಗುರವಾಗಿದೆ. "ಮನೆ ಮಾರಿಸಿಕೊಡುತ್ತಾನೆ, ಇವನಿಗೇ ಕೊಡು" ಎಂದು ಹೇಳಲು ಯಾರಿಗಾದರೂ ಮುಜುಗರ. ನಾಳೆ ಬೆಲೆ ಕಡಿಮೆ ಬಂದರೆ ದೂರು ಅವರ ಮೇಲೆ ಬರುತ್ತದೆ. "ಕಾಗದಪತ್ರ ಒಂದು ಸಲ ತೋರಿಸು, ಇ.ಸಿ.ಯಲ್ಲಿ ಹಳೇ ಸಾಲ ಇದ್ದರೂ ಇರಬಹುದು, ನನಗೂ ಹಾಗೇ ಆಗಿತ್ತು" ಎಂದು ಹೇಳಲು ಯಾವ ಮುಜುಗರವೂ ಇಲ್ಲ, ಅದು ಸ್ನೇಹಿತನಿಗೆ ಮಾಡುವ ಉಪಕಾರ. "ಮಾರುವುದು ಬಿಡುವುದು ಆಮೇಲಿನ ಮಾತು" ಎಂದಿರುವುದು ಇದಕ್ಕೇ. ಆದರೆ ಬರೆದ ಮೇಲೆ ಹಾಗೇ ನಡೆದುಕೊಳ್ಳಬೇಕು. ಯಾರಾದರೂ ಕಾಗದ ತೋರಿಸಲು ಬಂದರೆ ದುಡ್ಡು ಕೇಳದೆ, ಮಾರುವ ಒತ್ತಾಯ ಹೇರದೆ ನೋಡಿಕೊಡಿ. ಖಾತೆ, ಇತ್ತೀಚಿನ ತೆರಿಗೆ ರಸೀದಿ, ಇ.ಸಿ., ಮೂಲ ಕ್ರಯಪತ್ರ, ಇವು ಹೊಂದುತ್ತವೆಯೇ ಎಂದು ನೋಡುವುದು ನಿಮಗೆ ಅರ್ಧ ಗಂಟೆಯ ಕೆಲಸ. ಹಕ್ಕಿನ ಬಗ್ಗೆ ಸಂದೇಹ ಬಂದರೆ ವಕೀಲರ ಹತ್ತಿರ ಕಳಿಸಿ.

ಒಂದಿಬ್ಬರು ಮಾರುವವರಿದ್ದಾರೆ ಎಂದು ನೀವು ಕೇಳಿದ್ದೀರಲ್ಲ, ಅವರ ಸುಳಿವನ್ನು ಪತ್ರದಲ್ಲಿ ಕೊಡಲೇಬೇಡಿ. ಮನೆ ಮಾರುವ ವಿಷಯವನ್ನು ನಮ್ಮ ಊರುಗಳಲ್ಲಿ ಜನ ಗುಟ್ಟಾಗಿಟ್ಟಿರುತ್ತಾರೆ. ಮಕ್ಕಳಿಗೇ ಹೇಳಿರುವುದಿಲ್ಲ, ಬಾಡಿಗೆದಾರರಿಗೆ ತಿಳಿಯಬಾರದು ಎಂದಿರುತ್ತದೆ. ಆ ಮಾತು ನಿಮ್ಮ ಕೈಬರಹದಲ್ಲಿ ಕಾಗದಕ್ಕೆ ಇಳಿದರೆ, ಅದನ್ನು ಹೊರಗೆ ಬಿಟ್ಟವರು ಮೇಷ್ಟ್ರು ಎಂದಾಗುತ್ತದೆ. ಅವರ ಫೋನ್ ನಂಬರ್ ಕೊಡಿ ಎಂದೂ ಕೇಳಬೇಡಿ. ನಿಮ್ಮ ನಂಬರ್ ಅವರ ಕೈಗೆ ಹೋಗಲಿ, ಬೇಕಾದವರು ತಾವೇ ಫೋನ್ ಮಾಡಲಿ. ಕೇಳದೆ ಬಂದ ಏಜೆಂಟನ ಫೋನಿಗೆ ಸಿಗುವ ಉತ್ತರ ನಿಮಗೇ ಗೊತ್ತು.

ಹೊಸಬರು ಬಹಳ ಜನ ಎಡವುವುದು ದುಡ್ಡಿನಲ್ಲಿ. "ನಿಮ್ಮಿಂದ ಬಂದ ಪಾರ್ಟಿಯ ಕೆಲಸ ಆದರೆ ಕಮಿಷನ್ನಿನಲ್ಲಿ ಇಷ್ಟು ನಿಮಗೆ" ಎಂದು ಧನ್ಯವಾದ ಪತ್ರದಲ್ಲಿ ಬರೆದರೆ ಮೇಷ್ಟ್ರು ನಿಮ್ಮ ದಲ್ಲಾಳಿಯಾದಂತೆ. ಸ್ನೇಹಿತನಿಗೆ ಹೇಳಿದ ಒಳ್ಳೆಯ ಮಾತಿಗೆ ಬೆಲೆ ಕಟ್ಟಿದಿರಿ ಎಂದು ಅವರು ನೊಂದುಕೊಳ್ಳುತ್ತಾರೆ, ಸ್ನೇಹಿತನಿಗೆ ಗೊತ್ತಾದರೆ ಅವರಿಬ್ಬರ ನಡುವೆಯೂ ಹುಳಿ. ಕಾನೂನಿನ ತೊಡಕೂ ಇದೆ. ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸುವ 2016ರ ರೆರಾ ಕಾಯ್ದೆಯ ಪ್ರಕಾರ, ಹಣ ಪಡೆದು ಕೊಳ್ಳುವವರನ್ನೂ ಮಾರುವವರನ್ನೂ ಪರಸ್ಪರ ಪರಿಚಯಿಸುವವರೂ ಏಜೆಂಟರೇ. ಒಂಟಿ ಹಳೆಯ ಮನೆಯ ಮಾರಾಟಕ್ಕೆ ರೆರಾ ನೋಂದಣಿ ಬೇಕಿಲ್ಲ. ಆದರೆ ಪರಿಚಯವಾದವರು ರೆರಾದಲ್ಲಿ ನೋಂದಣಿಯಾದ ಲೇಔಟಿನ ಸೈಟು ಕೊಂಡು, ಅದಕ್ಕೆ ನೀವು ಮೇಷ್ಟ್ರಿಗೆ ಪಾಲು ಕೊಟ್ಟರೆ, ನೋಂದಣಿಯಿಲ್ಲದೆ ಏಜೆಂಟ್ ಕೆಲಸ ಮಾಡಿದ ಪ್ರಶ್ನೆ ಏಳುತ್ತದೆ. ಅದಕ್ಕೆ ದಂಡ ದಿನಕ್ಕೆ 10,000 ರೂಪಾಯಿ. ನಿವೃತ್ತರೊಬ್ಬರನ್ನು ಅದರೊಳಗೆ ಎಳೆಯಬೇಡಿ. ಹಬ್ಬಕ್ಕೆ ಒಂದು ಬುಟ್ಟಿ ಹಣ್ಣು ಕಳಿಸಬೇಕೆನಿಸಿದರೆ ಕಳಿಸಿ, ಯಾವ ವ್ಯವಹಾರಕ್ಕೂ ಅದನ್ನು ಜೋಡಿಸಬೇಡಿ. ನಿಮ್ಮ ಸ್ವಂತ ರೆರಾ ನಂಬರ್ ಇದ್ದರೆ ಹೆಸರಿನ ಕೆಳಗೆ ಬರೆಯಿರಿ.

ಪತ್ರದಲ್ಲಿ ಬರಬಾರದ ಇನ್ನೆರಡು ಸಂಗತಿಗಳಿವೆ. ಒಂದು ಬೆಲೆ. "ಒಳ್ಳೆ ರೇಟು ಕೊಡಿಸಿದೆ" ಎಂದು ಬರೆದರೆ, ಆ ಪತ್ರ ನಾಳೆ ಅಳಿಯನೋ ಮಗಳೋ ಓದುತ್ತಾರೆ, ಇನ್ನೂ ಎರಡು ಲಕ್ಷ ಬರುತ್ತಿತ್ತಲ್ಲ ಎಂಬ ಚರ್ಚೆ ಶುರುವಾಗುತ್ತದೆ. ಎರಡನೆಯದು ಅಭಿನಂದನೆ. ಮನೆ ಕೊಂಡವರಿಗೆ ಅದು ಸರಿ. ಮಾರಿದವರಿಗೆ, ಅದೂ ಮಕ್ಕಳನ್ನು ಬೆಳೆಸಿದ ಮನೆ ಮಾರಿದವರಿಗೆ, ಆ ಪದ ಚುಚ್ಚುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ನಿಂತು ತೆಗೆಸಿಕೊಂಡ ಫೋಟೊವನ್ನು ಸ್ಟೇಟಸ್‌ಗೆ ಹಾಕಿದ್ದರೆ ಇವತ್ತೇ ತೆಗೆಯಿರಿ. ಅವರ ಕೈಗೆ ದುಡ್ಡು ಬಂದಿದೆ ಎಂದು ಊರಿಗೆಲ್ಲ ಸಾರಿದಂತೆ ಅದು.

ಸಾಲು ಎಲ್ಲಿರಬೇಕು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೊನೆಗಿಂತ ಒಂದು ಪ್ಯಾರಾ ಹಿಂದೆ ಇರಲಿ. ಅದೇ ಕೊನೆಯ ಮಾತಾದರೆ ಮೇಲಿನದೆಲ್ಲ ಇದಕ್ಕಾಗಿ ಬರೆದ ಪೀಠಿಕೆ ಎನ್ನಿಸುತ್ತದೆ. ಸಹಿಯ ಕೆಳಗೆ "ವಿ.ಸೂ." ಹಾಕಿ ಕೇಳುವುದು ಅದಕ್ಕಿಂತ ಕೆಟ್ಟದ್ದು. ವಿಸಿಟಿಂಗ್ ಕಾರ್ಡ್ ಒಂದೇ ಒಂದು ಇಡಿ. ಹತ್ತು ಕಾರ್ಡ್ ಇಟ್ಟರೆ ಹಂಚುವ ಕೆಲಸ ಒಪ್ಪಿಸಿದಂತೆ.

ಖಾತೆ ಬದಲಾಗುವ ಹೊತ್ತಿಗೆ ಆಷಾಢವೋ ಪಿತೃಪಕ್ಷವೋ ಬಂದಿದ್ದರೆ ಪತ್ರ ತಡಮಾಡಬೇಡಿ, ಕಾಗದ ತಲುಪಿಸಲು ಯಾವ ಪಕ್ಷವೂ ಅಡ್ಡಿಯಿಲ್ಲ. ಆ ದಿನಗಳಲ್ಲಿ ಮನೆ ಮಾರುವ ಮಾತನ್ನು ಯಾರೂ ಎತ್ತುವುದಿಲ್ಲ, ಅಷ್ಟೆ. ಫೋನ್ ಬರಲಿಲ್ಲ ಎಂದು ಎರಡನೇ ಸಲ ಕೇಳಬೇಡಿ. ಈ ಸಾಲು ಒಬ್ಬರಿಗೆ ಒಂದೇ ಸಲ.

ಕೊಂಡವರಿಗೂ ಒಂದು ಪತ್ರ ಬೇಕು, ಅದು ಸುಲಭ. ಗೃಹಪ್ರವೇಶವಾದ ಮೇಲೆ ಬರೆಯಿರಿ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ ಸಿಗುತ್ತದೆ ಎಂಬ ನೆನಪೋಲೆಯನ್ನು ಅದಕ್ಕೆ ಸೇರಿಸಿದರೆ ಉಪಯೋಗವಾಗುತ್ತದೆ. ಮೇಷ್ಟ್ರಿಗೆ ಬರೆದ ಸಾಲನ್ನೇ ಅಲ್ಲಿ ನಕಲು ಮಾಡಬೇಡಿ, ಅವರ ಪರಿಚಯದವರು ಬಾಡಿಗೆ ಮನೆಯಲ್ಲಿದ್ದು ಸ್ವಂತ ಮನೆ ಹುಡುಕುತ್ತಿರುವವರು.

ಮುಂದೊಂದು ದಿನ "ಮೇಷ್ಟ್ರು ನಿಮ್ಮ ನಂಬರ್ ಕೊಟ್ಟರು" ಎಂದು ಫೋನ್ ಬಂದರೆ, ಮೇಷ್ಟ್ರ ಮನೆ ಎಷ್ಟಕ್ಕೆ ಹೋಯಿತು ಎಂದು ಅವರು ಕೇಳಿಯೇ ಕೇಳುತ್ತಾರೆ. ಹೇಳಬೇಡಿ. "ಅದನ್ನು ಮೇಷ್ಟ್ರನ್ನೇ ಕೇಳಬೇಕು, ನಿಮ್ಮದನ್ನೂ ನಾನು ಹೀಗೇ ಯಾರಿಗೂ ಹೇಳುವುದಿಲ್ಲ" ಎನ್ನಿ. ಅದೇ ದಿನ ಮೈಸೂರಿಗೆ ಫೋನ್ ಮಾಡಿ, ನೀವು ಹೇಳಿದವರು ಮಾತಾಡಿದರು, ಕಾಗದ ನೋಡಿಕೊಡುತ್ತಿದ್ದೇನೆ ಎಂದು ತಿಳಿಸಿ. ಕೆಲಸ ಆಗಲಿ ಬಿಡಲಿ, ಈ ಫೋನ್ ತಪ್ಪಬಾರದು. ಆಮೇಲೆ ಸ್ನೇಹಿತರ ಮನೆಗೆ ಎಷ್ಟು ಬಂತು, ಯಾರು ಕೊಂಡರು ಎಂದು ಮೇಷ್ಟ್ರೇ ಕೇಳಿದರೂ ಉತ್ತರ ಅದೇ: ಅವರನ್ನೇ ಕೇಳಿ ಮೇಷ್ಟ್ರೇ.